ಭಾನುವಾರಕ್ಕೆ ಪುಸ್ತಕ ಬೇಕು ಎಂದವರಿಗೆ ಆಗುವುದಿಲ್ಲ ಎನ್ನುವುದು ಹೇಗೆ, ಆಗುವ ದಿನಾಂಕ ಕೊಡುವುದು ಹೇಗೆ

ಬೆಂಗಳೂರಿನ ಸಣ್ಣ ಪ್ರೆಸ್‌ಗಳಿಗೆ ನವೆಂಬರ್ ಬಂತೆಂದರೆ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ರಾಜ್ಯೋತ್ಸವದ ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲೋ ಒಂದು ಕಡೆ ಪುಸ್ತಕ ಬಿಡುಗಡೆ. ಸಭಾಂಗಣ ಮೊದಲು ಸಿಗುತ್ತದೆ, ಮುಖ್ಯ ಅತಿಥಿ ಒಪ್ಪುತ್ತಾರೆ, ಆಮೇಲೆ ಲೇಖಕರಿಗೆ ಪ್ರೆಸ್ಸಿನ ನೆನಪಾಗುತ್ತದೆ. ಹೀಗೆ ಬಂದ ಗಿರಾಕಿಗೆ ‘ಆ ದಿನಕ್ಕೆ ಆಗುವುದಿಲ್ಲ’ ಎಂದು ಹೇಳಿಯೂ ಕೆಲಸ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ. ಪ್ರೆಸ್ ನಡೆಸುವವರಿಗೆ, ಡಿಟಿಪಿಯಿಂದ ಬೈಂಡಿಂಗ್‌ವರೆಗೆ ಪೂರ್ತಿ ಕೆಲಸ ಹೊತ್ತುಕೊಳ್ಳುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಉದಾಹರಣೆ ಇದು. ನವೆಂಬರ್ 10, ಸೋಮವಾರ ಬೆಳಿಗ್ಗೆ ನಿವೃತ್ತ ಅಧ್ಯಾಪಕರೊಬ್ಬರು ಫೋನ್ ಮಾಡುತ್ತಾರೆ. 1/8 ಡೆಮಿ ಅಳತೆಯ ಪ್ರಬಂಧಗಳ ಪುಸ್ತಕ, ಸುಮಾರು 240 ಪುಟ, 1000 ಪ್ರತಿ, ಒಳಪುಟ ಒಂದೇ ಬಣ್ಣ, ಮುಖಪುಟ ನಾಲ್ಕು ಬಣ್ಣ, ಪರ್ಫೆಕ್ಟ್ ಬೈಂಡಿಂಗ್. ಬಿಡುಗಡೆ 16ನೇ ತಾರೀಖು, ಭಾನುವಾರ. ‘ಎಲ್ಲಾ ರೆಡಿ ಇದೆ, ಪ್ರಿಂಟ್ ಒಂದು ಹೊಡೆದುಕೊಟ್ಟರೆ ಸಾಕು’ ಎನ್ನುತ್ತಾರೆ.

ಮೊದಲು: ‘ನೋಡೋಣ ಸಾರ್’ ಎನ್ನಬೇಡಿ

ನಮ್ಮ ಕಡೆ ಇಲ್ಲ ಎನ್ನಲು ಸಂಕೋಚವಾದಾಗ ಬಾಯಿಗೆ ತಾನಾಗಿ ಬರುವ ಮಾತು ‘ನೋಡೋಣ’, ‘ಟ್ರೈ ಮಾಡ್ತೀನಿ’, ‘ಕಷ್ಟ ಇದೆ, ಆದ್ರೂ ನೋಡ್ತೀನಿ’. ಹೇಳುವವರ ಮನಸ್ಸಿನಲ್ಲಿ ಇದು ಮುಕ್ಕಾಲು ಪಾಲು ‘ಇಲ್ಲ’. ಕೇಳುವವರ ಕಿವಿಗೆ ಮುಕ್ಕಾಲು ಪಾಲು ‘ಹೂಂ’. ಫೋನಿಟ್ಟ ಅರ್ಧ ಗಂಟೆಯಲ್ಲಿ ಅವರು ಆಹ್ವಾನ ಪತ್ರಿಕೆಯನ್ನು ವಾಟ್ಸಾಪ್ ಗುಂಪುಗಳಿಗೆ ಕಳಿಸಿರುತ್ತಾರೆ. ಗುರುವಾರ ನೀವು ‘ಆಗ್ತಾ ಇಲ್ಲ ಸಾರ್’ ಎಂದರೆ ಅದು ಮಾತು ತಪ್ಪಿದಂತೆ. ಸೋಮವಾರವೇ ಹೇಳಿದ್ದರೆ ಅದೇ ಮಾತು ಬರೀ ಮಾಹಿತಿಯಾಗಿರುತ್ತಿತ್ತು. ತೊಂದರೆಯೆಲ್ಲ ಹುಟ್ಟುವುದು ಈ ಮೂರು ದಿನಗಳಲ್ಲಿ.

ಹಾಗೆಂದು ಫೋನಿನಲ್ಲೇ ತಟ್ಟನೆ ‘ಆಗಲ್ಲ’ ಎನ್ನುವುದೂ ಬೇಡ. ಲೆಕ್ಕ ಹಾಕದೆ ಹೇಳಿದ ‘ಇಲ್ಲ’ವನ್ನು ಯಾರೂ ನಂಬುವುದಿಲ್ಲ, ಚೌಕಾಸಿ ಶುರುವಾಗುತ್ತದೆ. ಆ ಹೊತ್ತಿಗೆ ಹೇಳಬೇಕಾದ್ದು ಇಷ್ಟು: ‘ಸರ್, ಫೈಲ್ ಕಳಿಸಿಕೊಡಿ, ತೆರೆದು ನೋಡ್ತೀನಿ. ಮಧ್ಯಾಹ್ನ ಎರಡು ಗಂಟೆ ಒಳಗೆ ನಾನೇ ಫೋನ್ ಮಾಡಿ ಯಾವ ದಿನಕ್ಕೆ ಆಗುತ್ತೆ ಅಂತ ಖಚಿತವಾಗಿ ಹೇಳ್ತೀನಿ. ಅಲ್ಲಿವರೆಗೆ ದಯವಿಟ್ಟು ಆಹ್ವಾನ ಪತ್ರಿಕೆ ಯಾರಿಗೂ ಕಳಿಸಬೇಡಿ.’ ಕೊನೆಯ ವಾಕ್ಯವನ್ನು ಮರೆಯಬೇಡಿ. ಇಡೀ ಮಾತುಕತೆಯಲ್ಲಿ ಅತಿ ಹೆಚ್ಚು ನಷ್ಟ ತಪ್ಪಿಸುವ ವಾಕ್ಯ ಅದು.

‘ಎಲ್ಲಾ ರೆಡಿ’ ಎಂದರೆ ಏನೇನು ರೆಡಿ

ಫೈಲ್ ಬಂದ ಮೇಲೆ ಹತ್ತು ನಿಮಿಷ ಕೊಟ್ಟು ತೆರೆದು ನೋಡಿ. ಗಿರಾಕಿಯ ಮಟ್ಟಿಗೆ ಬರವಣಿಗೆ ಮುಗಿದರೆ ಪುಸ್ತಕ ರೆಡಿ. ನಮ್ಮ ಮಟ್ಟಿಗೆ ಪ್ಲೇಟಿಗೆ ಹೋಗಬಲ್ಲ ಪಿಡಿಎಫ್ ಇದ್ದರೆ ರೆಡಿ. ಇವೆರಡರ ನಡುವೆ ಒಂದು ವಾರಕ್ಕೂ ಹೆಚ್ಚು ಕೆಲಸ ಇರಬಹುದು.

ನಮ್ಮ ಉದಾಹರಣೆಯಲ್ಲಿ ಬಂದಿದ್ದು ನುಡಿಯಲ್ಲಿ ಟೈಪಾದ ವರ್ಡ್ ಫೈಲ್. ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸಿದಾಗ, ನಡುವೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ್ದ ಪದಗಳೂ ಕನ್ನಡ ಅಕ್ಷರಗಳ ಅರ್ಥವಿಲ್ಲದ ಗೋಜಲಾಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳು ಜಾಗ ಬದಲಿಸುತ್ತವೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗುತ್ತವೆ. ಇದನ್ನು ಮೊದಲೇ ತಿಳಿಯುವ ದಾರಿ ಸುಲಭ. ಪುಸ್ತಕದ ಬೇರೆ ಬೇರೆ ಕಡೆಯಿಂದ ಐದು ಪುಟ ಆರಿಸಿ ತಿರುಗಿಸಿ ನೋಡಿ. ಪುಟಕ್ಕೆ ಒಂದೆರಡು ತಪ್ಪಿದ್ದರೆ ಲೇಖಕರ ಕರಡು ತಿದ್ದುವಿಕೆಯಲ್ಲೇ ಹೋಗುತ್ತದೆ. ಏಳೆಂಟು ಇದ್ದರೆ ಲೇಖಕರಿಗೆ ಕಳಿಸುವ ಮುಂಚೆ ನಿಮ್ಮಲ್ಲೇ ಒಬ್ಬರು ಕೂತು ಓದಬೇಕು, ಅದಕ್ಕೆ ದಿನ ಬೇರೆ ಎಣಿಸಬೇಕು.

ಆಮೇಲೆ ಕೇಳಬೇಕಾದ್ದು ಮುನ್ನುಡಿ. ‘ಅದೊಂದು ಬರಬೇಕು, ನಾಳೆ ಕೊಡ್ತೀನಿ ಅಂದಿದ್ದಾರೆ’ ಎಂಬ ಉತ್ತರ ಬಂದರೆ ಪುಟಸಂಖ್ಯೆ ಇನ್ನೂ ನಿಂತಿಲ್ಲ ಎಂದೇ ಅರ್ಥ. ಪುಟಸಂಖ್ಯೆ ನಿಲ್ಲದೆ ಮುಖಪುಟವೂ ಮುಗಿಯುವುದಿಲ್ಲ, ಏಕೆಂದರೆ ಬೆನ್ನಿನ ದಪ್ಪ ಪುಟಗಳ ಮೇಲೆ ನಿಂತಿದೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲಿ 240 ಪುಟ ಎಂದರೆ 120 ಹಾಳೆ, ಬೆನ್ನು ಹೆಚ್ಚುಕಡಿಮೆ 11ರಿಂದ 12 ಮಿಲಿಮೀಟರ್. ಫಾರಂ ಲೆಕ್ಕವೂ ಕೆಡುತ್ತದೆ. 16 ಪುಟಕ್ಕೆ ಒಂದು ಫಾರಂ ಎಂದರೆ 240 ಪುಟಕ್ಕೆ ಸರಿಯಾಗಿ 15 ಫಾರಂ. ಮುನ್ನುಡಿ ಆರು ಪುಟ ಬಂದರೆ 246. ಆಗ ಅರ್ಧ ಫಾರಂ ಸೇರಿಸಬೇಕು, ಅಥವಾ ಒಳಗೆ ಎಲ್ಲಾದರೂ ಆರು ಪುಟ ಕಡಿಮೆ ಮಾಡಬೇಕು. ಐಎಸ್‌ಬಿಎನ್ ಹಾಕುವುದಿದ್ದರೆ ಆ ಸಂಖ್ಯೆ ಕೈಗೆ ಬಂದಿದೆಯೇ ಎಂದೂ ಇದೇ ಹೊತ್ತಿಗೆ ಕೇಳಿಬಿಡಿ. ಅದು ಬರುವ ದಿನ ನಿಮ್ಮ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ.

ಇನ್ನೊಂದು ಪ್ರಶ್ನೆ: ಕರಡು ಯಾರು ನೋಡುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಕೂರುತ್ತಾರೆ? ಲೇಖಕರೊಬ್ಬರೇ ಎಂದಾದರೆ 240 ಪುಟಕ್ಕೆ ಮೂರು ದಿನಕ್ಕಿಂತ ಕಡಿಮೆ ಎಣಿಸಬೇಡಿ. ದಿನಕ್ಕೆ ಎಂಬತ್ತು ಪುಟ ಗಮನವಿಟ್ಟು ತಿದ್ದುವುದೇ ದೊಡ್ಡದು. ಅದರ ಮೇಲೆ ಹೋದರೆ ಕಣ್ಣು ಪದವನ್ನು ನೋಡದೆ ಅರ್ಥವನ್ನಷ್ಟೇ ಓದಿಕೊಂಡು ಹೋಗುತ್ತದೆ. ಅದರಲ್ಲೂ ತಮ್ಮದೇ ಬರಹವನ್ನು ಓದುವವರಿಗೆ.

ದಿನಾಂಕವನ್ನು ಲೆಕ್ಕ ಹಾಕಿ ತೆಗೆಯುವುದು

ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸಬೇಡಿ. ಹಾಗೆ ಎಣಿಸಿದರೆ ಪ್ರತಿ ಹಂತವನ್ನೂ ಸ್ವಲ್ಪ ಸ್ವಲ್ಪ ಕಿರಿದು ಮಾಡಿ ಹೇಗೋ ಹೊಂದಿಸಿಬಿಡುತ್ತೀರಿ. ಇವತ್ತಿನಿಂದ ಮುಂದಕ್ಕೆ ಎಣಿಸಿ, ಭಾನುವಾರ ಬಿಟ್ಟು.

ಪುಟವಿನ್ಯಾಸಕ್ಕೆ ಎರಡು ದಿನ, 11 ಮತ್ತು 12. ಮೊದಲ ಕರಡು ಲೇಖಕರಲ್ಲಿ ಮೂರು ದಿನ, 13ರಿಂದ 15. ಅಂದರೆ ಅವರು ಕೇಳಿದ 16ನೇ ತಾರೀಖು ಬಂದಾಗ ಮೊದಲ ಕರಡು ಆಗಷ್ಟೇ ತಿದ್ದಿ ಮುಗಿದಿರುತ್ತದೆ. ಗಿರಾಕಿಗೆ ಹೇಳುವಾಗ ಈ ಒಂದು ಮಾತು ತುಂಬ ಕೆಲಸ ಮಾಡುತ್ತದೆ, ನೆನಪಿಟ್ಟುಕೊಳ್ಳಿ.

17ಕ್ಕೆ ತಿದ್ದುಪಡಿ ಹಾಕುವುದು, 18ಕ್ಕೆ ಎರಡನೇ ಕರಡು, 19ಕ್ಕೆ ಕೊನೆಯ ತಿದ್ದುಪಡಿ ಮತ್ತು ‘ಪ್ರಿಂಟಿಗೆ ಕಳಿಸಬಹುದು’ ಎಂದು ಲೇಖಕರ ಸಹಿ. 20ಕ್ಕೆ ಸಿಟಿಪಿ ಪ್ಲೇಟ್, ಅದೇ ದಿನ ಮುಖಪುಟದ ಮುದ್ರಣ. ಒಳಪುಟಕ್ಕೆ 15 ಫಾರಂ, ಫಾರಂಗೆ ಎರಡು ಬದಿ, ಒಟ್ಟು 30 ಪ್ಲೇಟ್. ಸಾವಿರ ಪ್ರತಿ ಓಡಲು ಒಂದು ಪ್ಲೇಟಿಗೆ ಕಾಲು ಗಂಟೆ ಸಾಕು. ಆದರೆ ಪ್ಲೇಟ್ ಬದಲಿಸಿ, ನೀರು–ಮಸಿ ಹದಕ್ಕೆ ತಂದು, ಹಿಂದೆ ಮುಂದೆ ಪುಟ ಕೂರಿಸಿ, ಮೊದಲ ಒಳ್ಳೆಯ ಹಾಳೆ ತೆಗೆಯಲು ಅರ್ಧ ಗಂಟೆ ಬೇಕು. ಪ್ಲೇಟಿಗೆ ಮುಕ್ಕಾಲು ಗಂಟೆಯಂತೆ 30 ಪ್ಲೇಟಿಗೆ ಇಪ್ಪತ್ತೆರಡೂವರೆ ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಮೂರು ದಿನ: 21, 22, 24. ಕಾಗದ ಡಬಲ್ ಡೆಮಿಯಲ್ಲಿ ಫಾರಂಗೆ ಒಂದು ರೀಮ್, 15 ರೀಮ್, ವೇಸ್ಟೇಜಿಗೆ ಇನ್ನೊಂದು. ಇದನ್ನು ಕರಡು ನಡೆಯುವಾಗಲೇ ತರಿಸಿಡಬಹುದಾದ್ದರಿಂದ ದಿನ ಎಣಿಸಬೇಕಿಲ್ಲ.

ಮುಖಪುಟ 20ಕ್ಕೆ ಅಚ್ಚಾದರೆ 21 ಪೂರ್ತಿ ಒಣಗಲು ಬಿಟ್ಟು 22ಕ್ಕೆ ಲ್ಯಾಮಿನೇಷನ್‌ಗೆ ಕಳಿಸಬೇಕು. 25, 26ಕ್ಕೆ ಫೋಲ್ಡಿಂಗ್, ಗ್ಯಾದರಿಂಗ್. 27ಕ್ಕೆ ಬೈಂಡಿಂಗ್, 28ಕ್ಕೆ ಕಟಿಂಗ್, 29 ಶನಿವಾರ ಎಣಿಕೆ, ಪ್ಯಾಕಿಂಗ್.

ಹಾಗಾದರೆ ಗಿರಾಕಿಗೆ 29 ಎನ್ನಬಹುದೇ? ಬೇಡ. ತಪ್ಪು ಆಗುವುದು ಇಲ್ಲೇ. 29 ಎನ್ನುವುದು ಒಂದೂ ಕಡೆ ತಡೆಯಿಲ್ಲದಿದ್ದರೆ ಬರುವ ದಿನ. ನವೆಂಬರಿನಲ್ಲಿ ಲ್ಯಾಮಿನೇಷನ್ ಅಂಗಡಿಯಲ್ಲಿ ನಿಮ್ಮ ಮುಂದೆ ಎಷ್ಟು ಜನರ ಕೆಲಸ ಕೂತಿದೆಯೋ, ಹಿಂಗಾರು ಮಳೆ ಹಿಡಿದರೆ ಹಾಳೆ ಒಣಗಲು ಇನ್ನೆಷ್ಟು ಹೊತ್ತೋ, ಕರೆಂಟು ಯಾವ ದಿನ ಎಷ್ಟು ಹೊತ್ತು ಹೋಗುತ್ತದೋ, ಯಾವುದೂ ನಿಮ್ಮ ಹಿಡಿತದಲ್ಲಿಲ್ಲ. ಎರಡು ಕೆಲಸದ ದಿನ ಕೈಯಲ್ಲಿಟ್ಟುಕೊಳ್ಳಿ. ಡಿಸೆಂಬರ್ 1, 2 ಕಳೆದು 3ನೇ ತಾರೀಖು, ಬುಧವಾರ.

ಗಮನಿಸಬೇಕಾದ್ದು ಇನ್ನೊಂದಿದೆ. 29 ಶನಿವಾರವಾದರೆ 30 ಭಾನುವಾರ, ನವೆಂಬರಿನ ಕೊನೆಯ ದಿನ. ನೀವು ‘29’ ಎಂದ ಕ್ಷಣ ಗಿರಾಕಿಯ ಮನಸ್ಸಿನಲ್ಲಿ 30ಕ್ಕೆ ಬಿಡುಗಡೆ ಗಟ್ಟಿಯಾಗಿಬಿಡುತ್ತದೆ. ಆಗ ಒಂದು ದಿನ ಜಾರಿದರೂ ಕಾರ್ಯಕ್ರಮಕ್ಕೆ ಪುಸ್ತಕವೇ ಇರುವುದಿಲ್ಲ. ದಿನಾಂಕ ಕೊಡುವಾಗ ಅದರ ಮುಂದಿನ ಭಾನುವಾರ ಯಾವುದು ಎಂದು ಕ್ಯಾಲೆಂಡರ್ ನೋಡಿಯೇ ಮಾತಾಡಬೇಕು. ಡಿಸೆಂಬರ್ 3 ಎಂದರೆ ಮುಂದಿನ ಭಾನುವಾರ 7. ನಡುವೆ ಮೂರು ದಿನ ಬಿಡುವಿದೆ. ಗೌರವ ಪ್ರತಿ ಕಳಿಸಲು, ಪುಸ್ತಕದ ಬಗ್ಗೆ ಮಾತಾಡುವವರು ಓದಿಕೊಂಡು ಬರಲು ಲೇಖಕರಿಗೂ ಆ ದಿನಗಳು ಬೇಕು.

ಎಲ್ಲಿ ಬೇಗ ಮಾಡಬಹುದು, ಎಲ್ಲಿ ಆಗದು

ಗಿರಾಕಿ ಕೇಳಿಯೇ ಕೇಳುತ್ತಾರೆ: ‘ರಾತ್ರಿ ಪಾಳಿ ಮಾಡಿಸಪ್ಪ, ಹೆಚ್ಚಿಗೆ ದುಡ್ಡು ಕೊಡ್ತೀನಿ.’ ಇದಕ್ಕೆ ಪ್ರಾಮಾಣಿಕ ಉತ್ತರ ನಿಮ್ಮ ಬಳಿ ಇರಬೇಕು. ಮುದ್ರಣಕ್ಕೆ ಎರಡು ಪಾಳಿ ಹಾಕಿದರೆ ಒಂದೂವರೆ ದಿನ ಉಳಿಯುತ್ತದೆ, ಬೈಂಡಿಂಗ್‌ನಲ್ಲಿ ಒಂದು ದಿನ ಉಳಿಯಬಹುದು. ಅಲ್ಲಿಗೆ ಎರಡೂವರೆ ದಿನ. ಕರಡಿಗೆ ಬೇಕಾದ ದಿನಗಳಲ್ಲಿ ದುಡ್ಡಿನಿಂದ ಉಳಿಯುವುದು ಏನೂ ಇಲ್ಲ. ಒಣಗುವುದರಲ್ಲಿಯೂ ಇಲ್ಲ.

ಒಣಗುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವಸರದ ಪುಸ್ತಕಗಳು ಕೆಡುವುದು ಹೆಚ್ಚಾಗಿ ಅಲ್ಲೇ. ಆಫ್‌ಸೆಟ್ ಮಸಿ ಮ್ಯಾಪ್‌ಲಿಥೋ ಮೇಲೆ ಬೇಗ ಹೀರಿಕೊಂಡಂತೆ ಕಾಣುತ್ತದೆ. ಆದರೆ ದಪ್ಪ ಶೀರ್ಷಿಕೆ, ಕಪ್ಪು ತುಂಬಿದ ಚಿತ್ರ ಇರುವ ಕಡೆ ಮೇಲ್ಪದರ ಹಸಿಯಾಗಿಯೇ ಇರುತ್ತದೆ. ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ಎಳೆದು ನೋಡಿ. ಬೆರಳಿಗೆ ಬೂದು ಬಣ್ಣ ಹತ್ತಿದರೆ ಫೋಲ್ಡಿಂಗ್‌ಗೆ ಕೊಡಬಾರದು. ಕೊಟ್ಟರೆ ಎದುರು ಪುಟದ ಮೇಲೆ ಶೀರ್ಷಿಕೆಯ ನೆರಳು ಕನ್ನಡಿಯಲ್ಲಿ ಕಂಡಂತೆ ಮೂಡಿರುತ್ತದೆ. ಮುಖಪುಟದಲ್ಲಿ ಇದು ಇನ್ನೂ ಕಟ್ಟುನಿಟ್ಟು. 300 ಜಿಎಸ್‌ಎಂ ಆರ್ಟ್ ಬೋರ್ಡ್ ಮಸಿಯನ್ನು ಹೆಚ್ಚು ಹೀರುವುದಿಲ್ಲ, ಒಂದು ದಿನವಾದರೂ ಬೇಕು. ಹಸಿ ಮಸಿಯ ಮೇಲೆ ಲ್ಯಾಮಿನೇಷನ್ ಹಾಕಿದರೆ ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬೆನ್ನಿನ ಮಡಿಕೆಯ ಹತ್ತಿರ ಸಣ್ಣ ಗುಳ್ಳೆ ಎದ್ದು, ಉಗುರು ತಾಗಿಸಿದರೆ ಪೊರೆಯಂತೆ ಸುಲಿಯುತ್ತದೆ.

ಬೈಂಡಿಂಗಿನ ಬಿಸಿ ಅಂಟು ಕೂಡ ಕ್ಷಣದಲ್ಲಿ ಗಟ್ಟಿಯಾದಂತೆ ಕಂಡರೂ ಪೂರ್ತಿ ಹಿಡಿತ ಬರಲು ಹೊತ್ತು ಬೇಕು. ಬಿಸಿಯಿರುವಾಗಲೇ ಕಟಿಂಗ್ ಮಾಡಿದರೆ ಬೆನ್ನು ತಗ್ಗುತ್ತದೆ. ಮರುದಿನ ಒಂದು ಪ್ರತಿಯನ್ನು ನಡುವೆ ಅಗಲವಾಗಿ ತೆರೆದು ಒಂದು ಹಾಳೆ ಹಿಡಿದು ಎಳೆದು ನೋಡಬೇಕು. ವೇದಿಕೆಯ ಮೇಲೆ ಅತಿಥಿಗಳು ಪುಸ್ತಕ ತೆರೆದಾಗ ಹಾಳೆ ಕೈಗೆ ಬಂದರೆ ಆ ಲೇಖಕರು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ.

ರಾತ್ರಿ ಪಾಳಿಯಿಂದ ಉಳಿಯುವ ಎರಡೂವರೆ ದಿನವನ್ನು ಗಿರಾಕಿಗೆ ಮಾರಿಬಿಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಮಾರಿದರೆ ನವೆಂಬರ್ 30 ಸಾಧ್ಯವೆಂದು ಕಾಣುತ್ತದೆ, ನಿಜ. ಆದರೆ ಆಮೇಲೆ ಏನಾದರೂ ಜಾರಿದರೆ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಡಿಸೆಂಬರ್ 3ನ್ನು ಉಳಿಸಿಕೊಳ್ಳಲು ಆ ಪಾಳಿ ನಿಮ್ಮ ಕೈಯಲ್ಲಿರಲಿ.

ಹೇಳುವ ರೀತಿ

ಎರಡು ಗಂಟೆ ಎಂದಿದ್ದರೆ ಎರಡು ಗಂಟೆಯೊಳಗೆ ಫೋನ್ ಮಾಡಿ. ಇಲ್ಲ ಎನ್ನುವುದನ್ನು ವಾಟ್ಸಾಪಿನಲ್ಲಿ ಮೊದಲು ಹೇಳಬೇಡಿ. ಹಿರಿಯರಿಗೆ ಅದು ತಿರಸ್ಕಾರದಂತೆ ಕಾಣುತ್ತದೆ. ಮೊದಲು ಮಾತು, ಆಮೇಲೆ ಬರಹ.

ಮಾತಿನಲ್ಲಿ ದಿನಾಂಕ ಮೊದಲು ಬರಲಿ, ಕಾರಣ ಆಮೇಲೆ. ಕಾರಣಗಳಿಂದ ಶುರು ಮಾಡಿದರೆ ಅವರು ಒಂದೊಂದನ್ನೂ ಪರಿಹರಿಸುತ್ತಾ ಹೋಗುತ್ತಾರೆ. ಹೆಚ್ಚುಕಡಿಮೆ ಹೀಗೆ ನಡೆಯಬಹುದು:

‘ನಮಸ್ಕಾರ ಸರ್. ಫೈಲ್ ಪೂರ್ತಿ ನೋಡಿದೆ. 16ನೇ ತಾರೀಖಿಗೆ ಆಗೋದಿಲ್ಲ. ಡಿಸೆಂಬರ್ 3, ಬುಧವಾರ ಸಂಜೆ ಸಾವಿರ ಪ್ರತಿ ನಿಮ್ಮ ಮನೆಗೆ ತಲುಪಿಸ್ತೀನಿ. ಬಿಡುಗಡೆ 7ನೇ ತಾರೀಖು ಭಾನುವಾರ ಇಟ್ಟುಕೊಂಡರೆ ಆರಾಮಾಗಿ ಆಗುತ್ತೆ.’

‘ಅಯ್ಯೋ, ಅಷ್ಟು ದಿನ ಯಾಕಪ್ಪ? ಬರೀ ಪ್ರಿಂಟ್ ತಾನೆ?’

‘ಪ್ರಿಂಟಿಗೆ ಮೂರೇ ದಿನ ಸರ್. ನೀವು ಕರಡು ಒಂದು ಸಲ ಓದಿ ಮುಗಿಸೋ ಹೊತ್ತಿಗೇ 16 ಬಂದಿರುತ್ತೆ. ನಿಮ್ಮ ಪುಸ್ತಕ ನೀವು ಓದದೆ ನಾನು ಪ್ಲೇಟಿಗೆ ಕಳಿಸೋಕಾಗಲ್ಲ.’

ಅವರಿಗೆ ಇದು ತಕ್ಷಣ ತಾಗುತ್ತದೆ, ಏಕೆಂದರೆ ಮಾತು ಅವರ ಪುಸ್ತಕದ್ದು, ನಿಮ್ಮ ಅನುಕೂಲದ್ದಲ್ಲ. ‘ನಮಗೆ ತುಂಬಾ ಕೆಲಸ ಇದೆ ಸರ್’ ಎಂದು ಮಾತ್ರ ಹೇಳಬೇಡಿ. ನಿಜವೇ ಆಗಿದ್ದರೂ ಅದರ ಅರ್ಥ ‘ಬೇರೆಯವರ ಕೆಲಸ ನಿಮ್ಮದಕ್ಕಿಂತ ಮುಖ್ಯ’ ಎಂದಾಗುತ್ತದೆ. ಎರಡು ಮೂರು ಸಲ ಕ್ಷಮೆ ಕೇಳುವುದೂ ಬೇಡ. ಪದೇ ಪದೇ ಕ್ಷಮೆ ಕೇಳಿದರೆ ಇನ್ನೂ ಸ್ವಲ್ಪ ಒತ್ತಿದರೆ ಒಪ್ಪುತ್ತಾರೆ ಎಂದು ಎದುರಿನವರಿಗೆ ಅನಿಸುತ್ತದೆ.

‘ನವೆಂಬರ್ ಒಳಗೆ ಆದ್ರೂ ಆಗಲ್ವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ದಿನಾಂಕವನ್ನು ಅಲುಗಾಡಿಸದೆ ಬೇರೆ ದಾರಿ ತೋರಿಸಿ. 19ನೇ ತಾರೀಖಿನೊಳಗೆ ಅವರು ಕರಡಿಗೆ ಸಹಿ ಹಾಕಿದರೆ, ಅದೇ ಪಿಡಿಎಫ್‌ನಿಂದ 50 ಪ್ರತಿಯನ್ನು ಡಿಜಿಟಲ್ ಪ್ರಿಂಟಿನಲ್ಲಿ 27ನೇ ತಾರೀಖು ಗುರುವಾರದೊಳಗೆ ಕೊಡಬಹುದು. ಡಿಜಿಟಲ್‌ಗೆ ಪ್ಲೇಟ್ ಬೇಡ, ಒಣಗಲು ಕಾಯಬೇಕಾಗಿಲ್ಲ. 30ಕ್ಕೆ ವೇದಿಕೆಗೆ, ಅತಿಥಿಗಳಿಗೆ, ಹತ್ತಿರದವರಿಗೆ ಅಷ್ಟು ಸಾಕು. ಉಳಿದ ಸಾವಿರ ಡಿಸೆಂಬರ್ 3ಕ್ಕೇ. ಇಲ್ಲಿ ಮೂರು ವಿಷಯ ಮುಂಚೆಯೇ ಹೇಳಿಬಿಡಬೇಕು: ಆ 50 ಪ್ರತಿಗೆ ತಲಾ ಖರ್ಚು ಹೆಚ್ಚು ಬೀಳುತ್ತದೆ, ಕಾಗದದ ಬಿಳುಪು ಮತ್ತು ಮುಖಪುಟದ ಬಣ್ಣ ಆಫ್‌ಸೆಟ್ ಪ್ರತಿಯೊಂದಿಗೆ ಪೂರ್ತಿ ಹೊಂದುವುದಿಲ್ಲ, 19 ದಾಟಿದರೆ ಈ ಮಾತು ರದ್ದು. ಡಿಜಿಟಲ್ ಇದೆಯಲ್ಲ, 16ಕ್ಕೇ ಕೊಡಿ ಎಂದರೆ ಅದಕ್ಕೂ ಉತ್ತರ ಅದೇ. ಡಿಜಿಟಲ್ ಉಳಿಸುವುದು ಮುದ್ರಣದ ದಿನಗಳನ್ನು, ಕರಡಿನ ದಿನಗಳನ್ನಲ್ಲ.

ಆಹ್ವಾನ ಪತ್ರಿಕೆ ಹಂಚಿಯಾಗಿದ್ದರೆ

ಇದು ಕಷ್ಟದ ಸಂದರ್ಭ. ಸಭಾಂಗಣಕ್ಕೆ ದುಡ್ಡು ಕಟ್ಟಿದ್ದಾರೆ, ಅತಿಥಿ ಊರಿನಿಂದ ಹೊರಟಿದ್ದಾರೆ. ಇಲ್ಲಿ ಮೃದುವಾಗಿ ಒಪ್ಪಿಕೊಂಡವರೇ ಹೆಚ್ಚು ನೋವು ಕೊಡುತ್ತಾರೆ. ಮುಖಪುಟದ ವಿನ್ಯಾಸ ಒಂದು ಇದ್ದರೆ 16ನೇ ತಾರೀಖನ್ನು ಮುಖಪುಟ ಅನಾವರಣವಾಗಿ ಬದಲಿಸಿಕೊಳ್ಳಲು ಸೂಚಿಸಿ. ಬೆನ್ನು, ಹಿಂಬದಿ ಇಲ್ಲದೆ ಮುಂಬದಿಯೊಂದನ್ನೇ 12×18 ಇಂಚಿನಲ್ಲಿ ಡಿಜಿಟಲ್ ಪ್ರಿಂಟ್ ತೆಗೆದು ಫೋಮ್ ಬೋರ್ಡಿಗೆ ಅಂಟಿಸಿಕೊಡುವುದು ಒಂದು ದಿನದ ಕೆಲಸ. ಲೇಖಕರು ಒಂದೆರಡು ಪ್ರಬಂಧ ಓದಬಹುದು, ಅತಿಥಿಗಳು ಮಾತಾಡಬಹುದು, ಬಂದವರಿಂದ ಮುಂಗಡ ಬುಕಿಂಗ್ ಬರೆಸಿಕೊಳ್ಳಬಹುದು. ಪುಸ್ತಕ ಡಿಸೆಂಬರ್ 3ಕ್ಕೆ ಎಂದು ಅಲ್ಲೇ ಘೋಷಿಸಲಿ.

‘ಬೇರೆ ಪ್ರೆಸ್‌ನವರು ಆಗುತ್ತೆ ಅಂದಿದ್ದಾರೆ’ ಎಂದರೆ ವಾದಕ್ಕಿಳಿಯಬೇಡಿ, ಆ ಪ್ರೆಸ್ಸಿನವರ ಬಗ್ಗೆ ಒಂದು ಮಾತೂ ಬೇಡ. ‘ಆಗಲಿ ಸರ್. ಅವರು ನಿಮಗೆ ಕರಡು ಓದೋಕೆ ಎಷ್ಟು ದಿನ ಕೊಡ್ತಾರೆ ಅಂತ ಒಂದು ಮಾತು ಕೇಳಿಕೊಳ್ಳಿ. ನನ್ನ ಕಡೆ ಇವತ್ತು ಸಂಜೆವರೆಗೆ ಈ ದಿನಾಂಕ ನಿಮಗಾಗಿ ಹಿಡಿದಿಟ್ಟಿರ್ತೀನಿ’ ಎನ್ನಿ. ದಿನಾಂಕ ಹಿಡಿದಿಡುವುದಕ್ಕೆ ಗಡುವು ಇರಲೇಬೇಕು. ಗಡುವಿಲ್ಲದೆ ಬಿಟ್ಟರೆ ಹತ್ತು ದಿನ ಕಳೆದು ಬಂದು ಅದೇ ಡಿಸೆಂಬರ್ 3 ಕೇಳುತ್ತಾರೆ.

ಬರಹದಲ್ಲಿ ಕಳಿಸುವುದು

ಫೋನ್ ಮುಗಿದ ಹತ್ತು ನಿಮಿಷದೊಳಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಅದರಲ್ಲಿ ಒಪ್ಪಂದದ ಭಾಷೆ ಬೇಡ, ಆದರೆ ಸಂಖ್ಯೆ, ವಾರ, ಹೊತ್ತು ಎಲ್ಲವೂ ಇರಲಿ. ‘ಮೊದಲ ವಾರ’, ‘ಆದಷ್ಟು ಬೇಗ’ ಎಂಬಂಥ ಪದ ಒಂದೂ ನುಸುಳಬಾರದು. ಮಾದರಿ:

> ನಮಸ್ಕಾರ ಸರ್. ಈಗ ಮಾತಾಡಿದಂತೆ, ನವೆಂಬರ್ 16ಕ್ಕೆ ಪುಸ್ತಕ ಸಿದ್ಧವಾಗುವುದಿಲ್ಲ. 1/8 ಡೆಮಿ, 240 ಪುಟ, 1000 ಪ್ರತಿಯನ್ನು ಡಿಸೆಂಬರ್ 3, ಬುಧವಾರ ಸಂಜೆ 5ರೊಳಗೆ ನಿಮ್ಮ ಮನೆಗೆ ತಲುಪಿಸುತ್ತೇವೆ.
> ಇದಕ್ಕೆ ನಿಮ್ಮಿಂದ ಬೇಕಾದ್ದು: ಮುನ್ನುಡಿ ಮತ್ತು ಅರ್ಧ ಮುಂಗಡ ನವೆಂಬರ್ 12, ಬುಧವಾರ ಸಂಜೆಯೊಳಗೆ; ಮೊದಲ ಕರಡು 15, ಶನಿವಾರ ಸಂಜೆಯೊಳಗೆ ವಾಪಸ್; ಎರಡನೇ ಕರಡು 18, ಮಂಗಳವಾರ; ಕೊನೆಯ ಒಪ್ಪಿಗೆ ಸಹಿ 19, ಬುಧವಾರ.
> ಸಹಿ 19 ದಾಟಿದರೆ ಮೆಷಿನ್ ಬೇರೆ ಕೆಲಸಕ್ಕೆ ಹೋಗಿರುತ್ತದೆ, ಆಗ ಹೊಸ ದಿನಾಂಕವನ್ನು ಅದೇ ದಿನ ತಿಳಿಸುತ್ತೇನೆ.
> ಇದು ಸರಿಯಿದ್ದರೆ ‘ಒಪ್ಪಿಗೆ’ ಎಂದು ಉತ್ತರಿಸಿ. ಅದು ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ.

ಈ ಸಂದೇಶದಲ್ಲಿ ಅವರಿಗೆ ಅರ್ಥವಾಗದೆ ಉಳಿಯುವುದು ಮೂರನೇ ಭಾಗ. ಒಂದು ದಿನ ತಡ ಮಾಡಿದರೆ ಪುಸ್ತಕವೂ ಒಂದೇ ದಿನ ತಡ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. 21ರಿಂದ ಮೆಷಿನ್ ಅವರ ಪುಸ್ತಕಕ್ಕೆ ಎಂದು ಖಾಲಿ ಇಟ್ಟಿದ್ದು ಪ್ಲೇಟ್ ಬಾರದೆ ಹೋದರೆ, ಅಲ್ಲಿಗೆ ಮುಂದಿನ ಕೆಲಸ ಹತ್ತುತ್ತದೆ. ಅದು ಎರಡೂವರೆ ದಿನದ ಕೆಲಸವಾಗಿದ್ದರೆ ಅದು ಇಳಿಯುವವರೆಗೆ ಕಾಯಬೇಕು. ಒಂದು ದಿನದ ತಡ ಹೀಗೆ ಮೂರು ದಿನವಾಗುತ್ತದೆ. ಫೋನಿನಲ್ಲಿ ಇದನ್ನು ಬಸ್ಸು ತಪ್ಪಿದ ಹಾಗೆ ಎಂದು ವಿವರಿಸಿದರೆ ಸಾಕು. ಎರಡು ನಿಮಿಷ ತಡವಾದರೂ ಕಾಯಬೇಕಾದ್ದು ಮುಂದಿನ ಬಸ್ಸು ಬರುವವರೆಗೆ.

‘ಒಪ್ಪಿಗೆ’ ಉತ್ತರ ಬರುವವರೆಗೆ ಪುಟವಿನ್ಯಾಸ ಶುರು ಮಾಡಬೇಡಿ. ಶುರು ಮಾಡಿ ನಾಲ್ಕು ಪುಟ ಕಳಿಸಿದರೆ, 16ಕ್ಕೇ ಆಗುವ ಹಾಗಿದೆ ಎಂದು ಅವರಿಗೆ ಮತ್ತೆ ಆಸೆ ಹುಟ್ಟುತ್ತದೆ.

ದಿನಾಂಕ ಕೊಟ್ಟ ಮೇಲೆ

ಕೊಟ್ಟ ದಿನಾಂಕವನ್ನು ಗಿರಾಕಿ ನಂಬುವುದು ನಡುವೆ ಬರುವ ಸುದ್ದಿಯಿಂದ. ಮೂರು ಸಲ ಸಾಕು. ಪ್ಲೇಟಿಗೆ ಹೋದ ದಿನ ಒಂದು ಸಂದೇಶ, ಒಳಪುಟದ ಅಚ್ಚು ಮುಗಿದ ದಿನ ಹಾಳೆಗಳ ಅಟ್ಟಿಯ ಒಂದು ಫೋಟೋ, ಬೈಂಡಿಂಗ್ ಮುಗಿದ ಮೊದಲ ಪ್ರತಿಯ ಫೋಟೋ. ಇದನ್ನು ಮಾಡಿದರೆ ದಿನಕ್ಕೆ ನಾಲ್ಕು ಸಲ ‘ಎಲ್ಲಿವರೆಗೆ ಬಂತು’ ಎಂಬ ಫೋನು ತಪ್ಪುತ್ತದೆ.

ಕೈಯಲ್ಲಿಟ್ಟುಕೊಂಡ ಎರಡು ದಿನ ಖರ್ಚಾಗುತ್ತಿದ್ದರೆ ಅದನ್ನು ಗಿರಾಕಿಗೆ ಹೇಳಬೇಕಾಗಿಲ್ಲ, ಅದು ಇರುವುದೇ ಅದಕ್ಕೆ. ಮೊದಲ ದಿನ ಖರ್ಚಾದಾಗ ರಾತ್ರಿ ಪಾಳಿ ಹಾಕಿ. ಎರಡನೆಯದೂ ಹೋಗುವ ಸೂಚನೆ ಕಂಡರೆ, ಉದಾಹರಣೆಗೆ 26ರ ಸಂಜೆಯಾದರೂ ಮುಖಪುಟ ಲ್ಯಾಮಿನೇಷನ್‌ನಿಂದ ವಾಪಸ್ ಬಂದಿಲ್ಲ ಎಂದಾದರೆ, ಅದೇ ಸಂಜೆ ಫೋನ್ ಮಾಡಿ. ಆಗ ಹೇಳಬೇಕಾದ್ದು ಭಾಗ ಭಾಗವಾಗಿ ಏನು ಕೊಡಬಲ್ಲಿರಿ ಎಂಬುದು: ‘ಸರ್, 3ನೇ ತಾರೀಖು 300 ಪ್ರತಿ ಖಂಡಿತ ತಲುಪುತ್ತೆ, ಉಳಿದ 700 ಶುಕ್ರವಾರ 5ಕ್ಕೆ. ಭಾನುವಾರದ ಕಾರ್ಯಕ್ರಮಕ್ಕೆ ಏನೂ ತೊಂದರೆ ಇಲ್ಲ.’ 3ನೇ ತಾರೀಖಿನ ಮುಂದೆ 7 ಇಟ್ಟುಕೊಂಡಿದ್ದರಿಂದಲೇ ಈ ಮಾತು ಆಡಲು ಸಾಧ್ಯವಾಗುತ್ತದೆ.

ಕೆಲಸ 29ಕ್ಕೇ ಮುಗಿದುಬಿಟ್ಟರೆ ತಕ್ಷಣ ಗಾಡಿಗೆ ಹಾಕಿ ಕಳಿಸಬೇಡಿ. ಆ ಹೆಚ್ಚಿನ ದಿನದಲ್ಲಿ ಪ್ರತಿ ಕಟ್ಟಿನಿಂದ ಒಂದು ಪುಸ್ತಕ ತೆಗೆದು ಪುಟ ಸಂಖ್ಯೆ 1ರಿಂದ 240ರವರೆಗೆ ತಿರುವಿ ನೋಡಿ. ಗ್ಯಾದರಿಂಗ್‌ನಲ್ಲಿ ಒಂದು ಫಾರಂ ಎರಡು ಸಲ ಕೂತಿದ್ದರೆ, ಒಂದು ಫಾರಂ ಬಿಟ್ಟುಹೋಗಿದ್ದರೆ ಸಿಗುವುದು ಇಲ್ಲೇ. ಆಮೇಲೆ ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ, ಪುಸ್ತಕ ಸಿದ್ಧವಿದೆ, ಇವತ್ತೇ ಕಳಿಸಲೇ ಅಥವಾ ಬುಧವಾರವೇ ಇರಲೇ ಎಂದು ಕೇಳಿ.